ಏಳನೇ ಸ್ಟೇಷನ್ನಿನ ಪಿನ್ನು: ಅನಾಟಮಿ ಸ್ಪಾಟರ್ಸ್‌ನ ಒಂದು ಪ್ರಕರಣ

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳ ಪೈಕಿ ಒಂದರಲ್ಲಿರುವ ವೈದ್ಯಕೀಯ ಕಾಲೇಜಿನ ಪ್ರಕರಣ ಇದು. ಕಾಲೇಜು, ವರ್ಷ, ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ. ತಪ್ಪು ನುಸುಳಿದ ದಾರಿ ಮತ್ತು ಅದನ್ನು ಪತ್ತೆ ಹಚ್ಚಿದ ಕ್ರಮವನ್ನು ಮಾತ್ರ ಹಾಗೆಯೇ ಇಟ್ಟಿದೆ, ಏಕೆಂದರೆ ಉಳಿದ ವಿಭಾಗಗಳಿಗೆ ಬೇಕಾದದ್ದು ಅದೇ.

ಹಿನ್ನೆಲೆ

ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳ ಇಂಟರ್ನಲ್ ಪರೀಕ್ಷೆಯ ಸ್ಪಾಟರ್ಸ್: ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಸರಿಯುತ್ತ, ಗುರುತು ಹಾಕಿದ ಭಾಗ ಯಾವುದೆಂದು ಬರೆಯುವ ಸುತ್ತು. ಬೇಸಿಗೆ ಏರುತ್ತಿದ್ದ ದಿನಗಳು. ಒಟ್ಟು 150 ಮಂದಿ. ತಲಾ 25ರಂತೆ ಆರು ಬ್ಯಾಚ್. ಡಿಸೆಕ್ಷನ್ ಹಾಲಿನಲ್ಲಿ ಸುತ್ತಲೂ 25 ಸ್ಥಾನ. ಅದರಲ್ಲಿ 5, 10, 15, 20, 25 ಇವು ರೆಸ್ಟ್, ಬರೀ ಖಾಲಿ ಸ್ಟೂಲು. ಉಳಿದ ಇಪ್ಪತ್ತರಲ್ಲಿ ಪ್ರಶ್ನೆ. ಒಂದೊಂದಕ್ಕೆ ಎರಡು ಅಂಕ: ಗುರುತು ಹಾಕಿದ ಭಾಗದ ಹೆಸರಿಗೆ ಒಂದು, ಅದಕ್ಕೆ ಹೊಂದಿದ ಸಣ್ಣ ಪ್ರಶ್ನೆಗೆ ಒಂದು. ನಿಲ್ಲಲು 60 ಸೆಕೆಂಡು, ಮುಂದಿನದಕ್ಕೆ ಸರಿಯಲು 10 ಸೆಕೆಂಡು. ಹೀಗೆ ಒಂದು ಬ್ಯಾಚಿಗೆ 29 ನಿಮಿಷಕ್ಕೆ ತುಸು ಹೆಚ್ಚು. ನಡುವೆ ಐದಾರು ನಿಮಿಷ ಬಿಡುವು ಸೇರಿ ಆರು ಬ್ಯಾಚ್ ಮುಗಿಯಲು ಮೂರೂವರೆ ಗಂಟೆ ಹತ್ತಿರ.

ಸರಿಯಲು ಹತ್ತು ಸೆಕೆಂಡು ಬೇರೆಯಾಗಿ ಕೊಡುವುದು ಸಣ್ಣ ವಿಷಯವಲ್ಲ. ಒಂದು ನಿಮಿಷದೊಳಗೇ ನಡೆದಾಟವೂ ಸೇರಿದರೆ, ಮಗ್ಗುಲಿನ ಟ್ರೇಗೆ ಹೋಗುವವರಿಗೂ ಹಾಲಿನ ಮೂಲೆಯಿಂದ ಮೈಕ್ರೋಸ್ಕೋಪ್ ಮೇಜಿಗೆ ಹೋಗುವವರಿಗೂ ಸಿಗುವ ಸಮಯ ಒಂದೇ ಆಗುವುದಿಲ್ಲ. ಈ ವಿಭಾಗ ಅದನ್ನು ಮೊದಲಿನಿಂದಲೂ ಸರಿಯಾಗಿ ಮಾಡುತ್ತಿತ್ತು. ಕರೆಂಟು ನಂಬುವಂತಿಲ್ಲವೆಂದು ಹೊಡೆಯಲು ಕೈಗಂಟೆ ಇಟ್ಟಿದ್ದರು. ಸ್ಪೆಸಿಮನ್‌ಗಳನ್ನು ಹಿಂದಿನ ದಿನವೇ ಟ್ಯಾಂಕಿನಿಂದ ತೆಗೆದು ನೀರಿನಲ್ಲಿ ನೆನೆಸಿದ್ದರು. ಫಾರ್ಮಾಲಿನ್ ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಅರವತ್ತು ಸೆಕೆಂಡಿನಲ್ಲಿ ಹತ್ತು ಹದಿನೈದು ಕಣ್ಣೊರೆಸಿಕೊಳ್ಳುವುದಕ್ಕೇ ಹೋಗುತ್ತದೆ.

ಏಳನೇ ಸ್ಟೇಷನ್ನಿನಲ್ಲಿ ಇದ್ದದ್ದು ತೊಡೆಯ ಮುಂಭಾಗ, ಫೀಮೊರಲ್ ಟ್ರಯಾಂಗಲ್ ಬಿಡಿಸಿದ ಸ್ಪೆಸಿಮನ್. ರಕ್ತನಾಳಗಳನ್ನು ಪಕ್ಕಕ್ಕೆ ಸರಿಸಿದರೆ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಎರಡು ಸ್ನಾಯುಗಳು ಕಾಣುತ್ತವೆ: ಮೇಲೆ ಹೊರಗಡೆಗೆ ಚಪ್ಪಟೆಯಾದ ಪೆಕ್ಟಿನಿಯಸ್, ಅದರ ಒಳಮಗ್ಗುಲಿಗೆ ಅಡಕ್ಟರ್ ಲಾಂಗಸ್. ಪೆಕ್ಟಿನಿಯಸ್‌ಗೆ ಕೆಂಪು ತಲೆಯ ಗುಂಡುಪಿನ್ನು ಚುಚ್ಚಿ ಕೇಳಿದ್ದು ಇಷ್ಟು: ಪಿನ್ನು ಚುಚ್ಚಿದ ಸ್ನಾಯು ಯಾವುದು? ಅದರ ನರ ಯಾವುದು? ಕೀ ಉತ್ತರ: ಪೆಕ್ಟಿನಿಯಸ್, ಫೀಮೊರಲ್ ನರ.

ಪ್ರಶ್ನೆ ಒಳ್ಳೆಯದೇ. ಅಕ್ಕಪಕ್ಕದ ಎರಡು ಸ್ನಾಯುಗಳಿಗೆ ಬೇರೆ ಬೇರೆ ನರ. ಅಡಕ್ಟರ್ ಲಾಂಗಸ್‌ಗೆ ಬರುವುದು ಆಬ್ಟುರೇಟರ್ ನರ. ಆದರೆ ಎರಡರ ನಡುವಿನ ಗಡಿ ಸ್ಪೆಸಿಮನ್ನಿನಲ್ಲಿ ಒಂದು ಗೆರೆಯಷ್ಟೇ. ಪಿನ್ನು ಅರ್ಧ ಬೆರಳಿನಷ್ಟು ಆಚೀಚೆ ಆದರೂ ಎರಡೂ ಉತ್ತರಗಳು ಅದಲುಬದಲಾಗುತ್ತವೆ.

ತಕರಾರು

ಪರೀಕ್ಷೆ ಮುಗಿದ ಮೂರನೇ ದಿನ ಕೀ ಉತ್ತರಗಳನ್ನು ನೋಟಿಸ್ ಬೋರ್ಡಿಗೆ ಹಾಕಿದರು. ಅಂದೇ ಸಂಜೆ ನಾಲ್ಕು ವಿದ್ಯಾರ್ಥಿಗಳು ಬಂದು, ಏಳನೆಯದರಲ್ಲಿ ಇದ್ದದ್ದು ಅಡಕ್ಟರ್ ಲಾಂಗಸ್ ಎಂದು ಹೇಳಿದರು. ಅವರಲ್ಲಿ ಒಬ್ಬಳು ಕಾರಣವನ್ನೂ ಕೊಟ್ಟಳು: “ಮೇಡಂ, ಪಿನ್ನಿನಿಂದ ಮೇಲಕ್ಕೆ ನೋಡಿಕೊಂಡು ಹೋದರೆ ಪ್ಯೂಬಿಸ್ ಹತ್ತಿರ ಹಗ್ಗದಂಥ ಗುಂಡನೆಯ ಟೆಂಡನ್ ಸಿಗ್ತಿತ್ರಿ. ಪೆಕ್ಟಿನಿಯಸ್‌ಗೆ ಅದು ಇರೂದಿಲ್ಲಲ್ರಿ.” ಇದು ಅಂದಾಜಿನ ಮಾತಲ್ಲ. ಪೆಕ್ಟಿನಿಯಸ್ ಪ್ಯೂಬಿಸ್‌ನ ಮೇಲಂಚಿನಿಂದ ಅಗಲವಾಗಿ, ಮಾಂಸಲವಾಗಿ ಹೊರಡುತ್ತದೆ. ಅಡಕ್ಟರ್ ಲಾಂಗಸ್ ಪ್ಯೂಬಿಸ್‌ನ ಮುಂಭಾಗದಿಂದ ಸಣ್ಣ ಗಟ್ಟಿ ಟೆಂಡನ್ನಾಗಿ ಹೊರಡುತ್ತದೆ. ಎರಡನ್ನೂ ಬೇರ್ಪಡಿಸುವ ಅತಿ ನಂಬಿಕೆಯ ಗುರುತನ್ನೇ ಆಕೆ ಹಿಡಿದಿದ್ದಳು.

ವಿಭಾಗ ಮೊದಲು ಮಾಡಿದ ಕೆಲಸದಲ್ಲೇ ತಪ್ಪಿತು. ಅಷ್ಟರಲ್ಲಿ ಎಲ್ಲ ಪಿನ್ನುಗಳನ್ನು ಕಿತ್ತು ಸ್ಪೆಸಿಮನ್‌ಗಳನ್ನು ಟ್ಯಾಂಕಿಗೆ ಬಿಟ್ಟಾಗಿತ್ತು. ಇಬ್ಬರು ಟ್ಯೂಟರ್‌ಗಳು ಆ ತೊಡೆಯನ್ನು ಮತ್ತೆ ಹೊರಗೆ ತೆಗೆದು, ಕೀ ನೋಡಿ, ಪೆಕ್ಟಿನಿಯಸ್‌ಗೆ ಪಿನ್ನು ಚುಚ್ಚಿ, “ಸ್ಪಷ್ಟವಾಗಿಯೇ ಇದೆ, ಅನುಮಾನವಿಲ್ಲ” ಎಂದು ವರದಿ ಕೊಟ್ಟರು. ತಕರಾರು ತಿರಸ್ಕೃತವಾಯಿತು.

ಇಲ್ಲಿ ಪರಿಶೀಲನೆಯಾದದ್ದು ಕೀ ಮಾತ್ರ, ಗುರುತಲ್ಲ. ಪೆಕ್ಟಿನಿಯಸ್ ಎಂದು ಬರೆದ ಕಾಗದ ಹಿಡಿದು ಪೆಕ್ಟಿನಿಯಸ್‌ಗೆ ಪಿನ್ನು ಚುಚ್ಚಿದರೆ ಅದು ಪೆಕ್ಟಿನಿಯಸ್ಸೇ ಆಗಿರುತ್ತದೆ. ವಿದ್ಯಾರ್ಥಿ ಕೇಳಿದ ಪ್ರಶ್ನೆ ಬೇರೆ: ನಾನು ಅಲ್ಲಿ ನಿಂತ ಆ ನಿಮಿಷ ಪಿನ್ನು ಎಲ್ಲಿತ್ತು? ಅದಕ್ಕೆ ಉತ್ತರ ಸ್ಪೆಸಿಮನ್ನಿನಲ್ಲಿ ಉಳಿದಿರಲಿಲ್ಲ. ಉತ್ತರ ಪತ್ರಿಕೆಗಳಲ್ಲಿ ಉಳಿದಿತ್ತು.

ಅಂಕಪಟ್ಟಿ ನೋಡಿದವರಿಗೂ ಅನುಮಾನ ಬಂದಿರಲಿಲ್ಲ. 150ರಲ್ಲಿ 66 ಮಂದಿ ಸರಿ. ಕಷ್ಟದ ಸ್ಟೇಷನ್ನುಗಳಲ್ಲಿ ಇಷ್ಟು ಕಡಿಮೆಯಾಗುವುದು ಹೊಸದಲ್ಲ. ಒಟ್ಟು ಸಂಖ್ಯೆ ಈ ಥರದ ತಪ್ಪನ್ನು ಚೆನ್ನಾಗಿಯೇ ಮುಚ್ಚಿಡುತ್ತದೆ.

ಪತ್ರಿಕೆಗಳನ್ನು ಬ್ಯಾಚ್‌ವಾರು ಜೋಡಿಸಿದಾಗ

ವಿಭಾಗದ ಸಭೆಯಲ್ಲಿ ಒಬ್ಬರು, ತಲೆನೋವು ಬೇಡ, ಏಳನೆಯದಕ್ಕೆ ಎಲ್ಲರಿಗೂ ಎರಡು ಅಂಕ ಕೊಟ್ಟುಬಿಡೋಣ ಎಂದರು. ಹಿರಿಯ ಪ್ರಾಧ್ಯಾಪಕಿ ಒಬ್ಬರು ಒಪ್ಪಲಿಲ್ಲ. ತಪ್ಪು ಯಾವುದೆಂದು ಗೊತ್ತಾಗುವ ಮೊದಲೇ ಅಂಕ ಹಂಚಿದರೆ ಮುಂದಿನ ಪರೀಕ್ಷೆಯಲ್ಲೂ ಅದೇ ಆಗುತ್ತದೆ ಎನ್ನುವುದು ಅವರ ವಾದ. ಅಂಕ ಕೊಡುವುದನ್ನು ಒಂದು ದಿನ ಮುಂದಕ್ಕೆ ಹಾಕಿ, ಏಳನೇ ಉತ್ತರವನ್ನಷ್ಟೇ ಬ್ಯಾಚ್‌ವಾರು ಎಣಿಸಿದರು.

ಮೊದಲ ಮೂರು ಬ್ಯಾಚಿನ 75 ಮಂದಿಯಲ್ಲಿ ಪೆಕ್ಟಿನಿಯಸ್ ಬರೆದವರು 57, ಅಡಕ್ಟರ್ ಲಾಂಗಸ್ ಬರೆದವರು 6. ಕೊನೆಯ ಮೂರು ಬ್ಯಾಚಿನ 75ರಲ್ಲಿ ಪೆಕ್ಟಿನಿಯಸ್ 9, ಅಡಕ್ಟರ್ ಲಾಂಗಸ್ 50. ಉಳಿದವರದು ಬೇರೆ ಉತ್ತರ ಅಥವಾ ಖಾಲಿ. ಅಷ್ಟೇ ಅಲ್ಲ, ಆ 50ರಲ್ಲಿ 44 ಮಂದಿ ಎರಡನೇ ಭಾಗಕ್ಕೆ ಆಬ್ಟುರೇಟರ್ ನರ ಎಂದೇ ಬರೆದಿದ್ದರು. ಗೊತ್ತಿಲ್ಲದೆ ಬರೆದವರ ಎರಡು ಉತ್ತರಗಳು ಹೀಗೆ ಒಂದಕ್ಕೊಂದು ಹೊಂದುವುದಿಲ್ಲ. ಇವರು ತಿಳಿದೇ ಬರೆದವರು. ಕಂಡ ಸ್ನಾಯು ಮಾತ್ರ ಬೇರೆ.

ಈಗ ಎರಡು ಸಾಧ್ಯತೆ ಉಳಿದವು. ಯಾರೋ ವಿದ್ಯಾರ್ಥಿ ಫೋರ್ಸೆಪ್ಸ್‌ನಿಂದ ಸ್ನಾಯು ಎತ್ತಿ ನೋಡುವಾಗ ಪಿನ್ನು ಕಿತ್ತು ಬಂದು, ಅವಸರದಲ್ಲಿ ಪಕ್ಕಕ್ಕೆ ಚುಚ್ಚಿರಬಹುದು. ಇಲ್ಲವೇ ಬಿಡುವಿನಲ್ಲಿ ಏನೋ ಆಗಿರಬಹುದು. ಇದನ್ನು ತೀರ್ಮಾನಿಸಲು ಒಂದು ಸುಲಭ ದಾರಿ ಇದೆ; ಸುತ್ತು ಪರೀಕ್ಷೆ ನಡೆಸುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಪ್ರತಿ ವಿದ್ಯಾರ್ಥಿ ಯಾವ ಸ್ಥಾನದಿಂದ ಶುರು ಮಾಡಿದ ಎಂಬುದು ಪತ್ರಿಕೆಯ ಮೇಲಿರುತ್ತದೆ. ಏಳರಿಂದ ಶುರು ಮಾಡಿದವನು ಏಳನೇ ಸ್ಟೇಷನ್ನನ್ನು ಮೊದಲು ನೋಡುತ್ತಾನೆ. ಎರಡನೆಯವನು ಆರರಿಂದ ಹೊರಟವನು, ಆಮೇಲೆ ಐದು, ನಾಲ್ಕು, ಹೀಗೆ ಇಳಿದು ಒಂದು. ಅದಾದ ಮೇಲೆ 25, 24, ಕೊನೆಗೆ ಎಂಟರಿಂದ ಹೊರಟವನು. ಈ ಕ್ರಮದಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಇಟ್ಟರೆ, ಆ ಟ್ರೇ ಮುಂದೆ ನಿಮಿಷ ನಿಮಿಷಕ್ಕೆ ಏನು ಕಂಡಿತು ಎಂಬ ದಾಖಲೆ ಸಿಗುತ್ತದೆ.

ಜೋಡಿಸಿ ನೋಡಿದರು. ಮೂರನೇ ಬ್ಯಾಚಿನಲ್ಲಿ ಕೊನೆಗೆ ಹಾದುಹೋದ ಆರೂ ಮಂದಿಯದು ಪೆಕ್ಟಿನಿಯಸ್. ನಾಲ್ಕನೇ ಬ್ಯಾಚಿನಲ್ಲಿ ಮೊದಲು ಹಾದ ಆರರಲ್ಲಿ ಐದು ಅಡಕ್ಟರ್ ಲಾಂಗಸ್, ಒಂದು ಖಾಲಿ. ವಿದ್ಯಾರ್ಥಿಯೇ ಪಿನ್ನು ಕದಲಿಸಿದ್ದರೆ ಉತ್ತರ ಬ್ಯಾಚಿನ ಮಧ್ಯೆ ಎಲ್ಲೋ ಬದಲಾಗಬೇಕಿತ್ತು. ಬದಲಾದದ್ದು ಸರಿಯಾಗಿ ಮೂರು ಮತ್ತು ನಾಲ್ಕರ ನಡುವಿನ ಬಿಡುವಿನಲ್ಲಿ. ಆಗ ಹಾಲಿನಲ್ಲಿ ವಿದ್ಯಾರ್ಥಿಗಳೇ ಇರಲಿಲ್ಲ.

ಇದ್ದವರು ಒಬ್ಬ ಟ್ಯೂಟರ್, ಒಬ್ಬ ಅಟೆಂಡರ್. ಪ್ರಾಧ್ಯಾಪಕಿ ಅಟೆಂಡರನ್ನು ಚೇಂಬರಿಗೆ ಕರೆಸಲಿಲ್ಲ. ತಾವೇ ಹಾಲಿಗೆ ಹೋಗಿ, ಬಿಡುವಿನಲ್ಲಿ ಏನೇನು ಕೆಲಸ ಇರುತ್ತದೆ ತೋರಿಸಿ ಎಂದು ಕೇಳಿದರು. ಇದೂ ಒಂದು ನಿರ್ಧಾರವೇ. “ಪಿನ್ನು ನೀನು ಮುಟ್ಟಿದೆಯಾ?” ಎಂದು ಕೇಳಿದ್ದರೆ ಇಲ್ಲ ಎಂಬ ಉತ್ತರವೇ ಬರುತ್ತಿತ್ತು. ಆತ ಇದ್ದದ್ದು ಇದ್ದ ಹಾಗೆ ಹೇಳಿದ. ಬಿಸಿಲಿಗೆ, ಫ್ಯಾನಿನ ಗಾಳಿಗೆ ಮಾಂಸ ಒಣಗಿ ಕಪ್ಪಾಗದಂತೆ ಪ್ರತಿ ಬಿಡುವಿನಲ್ಲಿ ಟ್ರೇಗಳ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. “ಬಟ್ಟಿ ತೆಗಿಯೂ ಮುಂದ ಪಿನ್ನು ಅದಕ್ಕ ಸಿಕ್ಕೊಂಡು ಬಂತ್ರಿ ಮೇಡಂ. ತೂತು ಕಾಣಿಸ್ತು, ಅದರಾಗ ಹಚ್ಚಿದ್ನಿ.”

ತೂತು ಇದ್ದದ್ದು ಹೌದು. ಆದರೆ ಅದು ಈ ಪರೀಕ್ಷೆಯದಲ್ಲ. ಅದೇ ತೊಡೆಯನ್ನು ಹಿಂದೆ ಇನ್ನೊಂದು ಪರೀಕ್ಷೆಗೆ ಇಟ್ಟಾಗ ಅಡಕ್ಟರ್ ಲಾಂಗಸ್‌ಗೆ ಪಿನ್ನು ಚುಚ್ಚಿದ್ದರು. ಫಾರ್ಮಾಲಿನ್‌ನಲ್ಲಿ ಬಿಗಿದುಕೊಂಡ ಸ್ನಾಯುವಿನಲ್ಲಿ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಹಳೆಯ ತೂತು ಬಾಯಿ ಬಿಟ್ಟುಕೊಂಡು ಎದ್ದು ಕಾಣುತ್ತಿತ್ತು. ಅಂದು ಬೆಳಗ್ಗೆ ಚುಚ್ಚಿದ್ದು ನೀರು ಕುಡಿದು ಕಾಣದಂತಿತ್ತು. ಲೆನ್ಸ್ ಹಿಡಿದು ನೋಡಿದಾಗ ಎರಡೂ ಸಿಕ್ಕವು, ನಡುವೆ ಒಂದೂವರೆ ಸೆಂಟಿಮೀಟರ್ ಕೂಡ ಅಂತರವಿರಲಿಲ್ಲ. ಅಟೆಂಡರ್ ಮಾಡಿದ್ದು ತನ್ನ ಮಟ್ಟಿಗೆ ಜಾಗರೂಕತೆಯ ಕೆಲಸವೇ. ಬಿದ್ದ ಪಿನ್ನನ್ನು ಮುಟ್ಟಬೇಡ, ಟ್ಯೂಟರನ್ನು ಕರೆ ಎಂದು ಆತನಿಗೆ ಯಾರೂ ಹೇಳಿರಲಿಲ್ಲ.

ಎರಡು ಕೀ

ಮುಂದಿದ್ದ ದಾರಿಗಳು ಮೂರು: ಸ್ಟೇಷನ್ನನ್ನು ಲೆಕ್ಕದಿಂದ ತೆಗೆದುಹಾಕುವುದು, ಎರಡೂ ಉತ್ತರಗಳಿಗೆ ಎಲ್ಲರಿಗೂ ಅಂಕ ಕೊಡುವುದು, ಬ್ಯಾಚಿಗೆ ತಕ್ಕಂತೆ ಬೇರೆ ಬೇರೆ ಕೀ ಹಾಕುವುದು. ಮೊದಲನೆಯದು ಸರಿಯಾಗಿ ಬರೆದ 107 ಮಂದಿಯ ಅಂಕ ಕಸಿಯುತ್ತದೆ. ಎರಡನೆಯದು ಮೊದಲ ಮೂರು ಬ್ಯಾಚಿನಲ್ಲಿ ಪೆಕ್ಟಿನಿಯಸ್ ನೋಡಿ ಲಾಂಗಸ್ ಎಂದ ಆರು ಮಂದಿಗೂ ಅಂಕ ಕೊಡುತ್ತದೆ. ಬದಲಾವಣೆ ಯಾವ ಬಿಡುವಿನಲ್ಲಿ ಆಯಿತು ಎಂಬುದಕ್ಕೆ ಪತ್ರಿಕೆಗಳ ಸಾಕ್ಷಿ, ಅಟೆಂಡರ್ ಮಾತು, ತೂತುಗಳ ಸಾಕ್ಷಿ ಮೂರೂ ಕೂಡಿಬಂದದ್ದರಿಂದ ಮೂರನೆಯದನ್ನೇ ಹಿಡಿದರು. ಒಂದರಿಂದ ಮೂರನೇ ಬ್ಯಾಚಿಗೆ ಪೆಕ್ಟಿನಿಯಸ್, ನಾಲ್ಕರಿಂದ ಆರಕ್ಕೆ ಅಡಕ್ಟರ್ ಲಾಂಗಸ್. ಈ ಸಾಕ್ಷಿ ಇಲ್ಲದಿದ್ದರೆ ಸ್ಟೇಷನ್ನನ್ನು ತೆಗೆಯುವುದೇ ನ್ಯಾಯವಾಗುತ್ತಿತ್ತು.

ಅದೇ ಮೇಜಿನ ಮೇಲೆ ಕೀಯ ಇನ್ನೊಂದು ಕೊರತೆಯೂ ಬಯಲಾಯಿತು. ಪೆಕ್ಟಿನಿಯಸ್‌ಗೆ ಮುಖ್ಯವಾಗಿ ಫೀಮೊರಲ್ ನರವೇ ಆದರೂ ಕೆಲವರಲ್ಲಿ ಆಬ್ಟುರೇಟರ್‌ನಿಂದಲೂ ಕವಲು ಬರುತ್ತದೆ. ಮೊದಲ ಬ್ಯಾಚುಗಳಲ್ಲಿ ಕೆಲವರು ಎರಡನ್ನೂ ಬರೆದಿದ್ದರು. ಒಬ್ಬ ಮೌಲ್ಯಮಾಪಕರು ಅಂಕ ಕೊಟ್ಟಿದ್ದರು, ಇನ್ನೊಬ್ಬರು ಕೊಟ್ಟಿರಲಿಲ್ಲ. ಫೀಮೊರಲ್ ಇದ್ದರೆ ಪೂರ್ಣ ಅಂಕ, ಜೊತೆಗೆ ಆಬ್ಟುರೇಟರ್ ಬರೆದರೂ ಪೂರ್ಣ, ಆಬ್ಟುರೇಟರ್ ಒಂದೇ ಇದ್ದರೆ ಸೊನ್ನೆ ಎಂದು ಬರೆದಿಟ್ಟರು. ಇಂಥದ್ದನ್ನು ಪರೀಕ್ಷೆಗೆ ಮೊದಲು ಬರೆದಿಡಬೇಕು. ಪತ್ರಿಕೆ ಕೈಗೆ ಬಂದ ಮೇಲೆ ಕೀ ತಿದ್ದಲು ಕೂತರೆ ಕಂಡ ಉತ್ತರಗಳೇ ಕೀಯನ್ನು ಎಳೆಯತೊಡಗುತ್ತವೆ.

ಕೊನೆಯ ಬ್ಯಾಚುಗಳಲ್ಲಿ ಪೆಕ್ಟಿನಿಯಸ್ ಬರೆದ ಒಂಬತ್ತು ಮಂದಿಯ ಬಗ್ಗೆ ಸಭೆಯಲ್ಲಿ ಪಿಸುಮಾತು ಎದ್ದಿತು: ಹಿಂದಿನ ಬ್ಯಾಚಿನವರಿಂದ ಉತ್ತರ ಸಿಕ್ಕಿರಬೇಕು. ಇರಬಹುದು. ಆದರೆ ಈ ಎರಡು ಸ್ನಾಯುಗಳನ್ನು ಅದಲುಬದಲು ಮಾಡುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಮೊದಲ ಬ್ಯಾಚುಗಳಲ್ಲೂ ಆರು ಮಂದಿ ಹಾಗೆ ತಪ್ಪಿದ್ದರು. ಒಂದು ಸ್ಟೇಷನ್ನಿನ ಉತ್ತರ ಇಟ್ಟುಕೊಂಡು ಯಾರ ಮೇಲೂ ಆರೋಪ ಹೊರಿಸಲಾಗದು ಎಂದು ವಿಭಾಗ ಅಲ್ಲಿಗೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿ.

ಮುಂದಿನ ಪರೀಕ್ಷೆಗೆ ಬದಲಿಸಿದ್ದು

ಸ್ನಾಯುಗಳಿಗೆ ಪಿನ್ನು ಬಿಟ್ಟು ಹೊಲಿಗೆ ಹಾಕಿದರು. ಬಾಗಿದ ಸೂಜಿಯಲ್ಲಿ ಹಸಿರು ದಾರ ಪೋಣಿಸಿ, ಸ್ನಾಯುವಿನ ನಡುವೆ ಒಂದು ಸೆಂಟಿಮೀಟರ್ ಆಳಕ್ಕೆ ಒಂದೇ ಹೊಲಿಗೆ, ಮೇಲೆ ಗಂಟು, ದಾರದ ತುದಿಗೆ ಲ್ಯಾಮಿನೇಟ್ ಮಾಡಿದ ನಂಬರ್ ಚೀಟಿ. ಬಟ್ಟೆಗೆ ಸಿಕ್ಕರೂ ಇದು ಕಿತ್ತು ಬರುವುದಿಲ್ಲ. ದಾರದ ಬಣ್ಣ ಯೋಚಿಸಿಯೇ ಆರಿಸಬೇಕು: ಬಿಳಿ ದಾರ ಒದ್ದೆಯಾದರೆ ಸಣ್ಣ ನರದಂತೆಯೇ ಕಾಣುತ್ತದೆ, ಕೆಂಪು ನೀಲಿಗಳು ಬಣ್ಣ ಹಚ್ಚಿದ ರಕ್ತನಾಳಗಳ ಜೊತೆ ಬೆರೆಯುತ್ತವೆ. ನರ, ರಕ್ತನಾಳಗಳಿಗೆ ಸುತ್ತ ದಾರ ಕಟ್ಟುವಾಗ ಜಾರದಷ್ಟು ಬಿಗಿ ಇರಬೇಕು, ಆದರೆ ಎತ್ತಿ ಎಳೆದು ಕಟ್ಟಬಾರದು. ಎಳೆದರೆ ನರ ತನ್ನ ಜಾಗ ಬಿಟ್ಟು ಮೇಲೆದ್ದು, ಯಾವುದರ ಪಕ್ಕ ಯಾವುದು ಎಂಬ ಸುಳಿವೇ ಹೋಗುತ್ತದೆ. ವಿದ್ಯಾರ್ಥಿ ಗುರುತು ಹಿಡಿಯುವುದು ಆ ಸುಳಿವಿನಿಂದಲೇ.

ಹಳೆಯ ತೂತುಗಳ ಮೇಲೆಲ್ಲ ಕಪ್ಪು ಇಂಕಿನಲ್ಲಿ ಅಡ್ಡಗೀಟು ಎಳೆದರು. ಒದ್ದೆ ಬಟ್ಟೆ ಹೋಗಿ ನೀರು ಸಿಂಪಡಿಸುವ ಬಾಟಲಿ ಬಂತು. ಗುರುತು ಹಾಕಿದ ತಕ್ಷಣ ವಿಭಾಗದ ಕ್ಯಾಮೆರಾದಲ್ಲಿ ಆ ಭಾಗವನ್ನಷ್ಟೇ ಫೋಟೊ ತೆಗೆದು, ಮುದ್ರಿಸಿ, ಟ್ಯೂಟರ್ ಕೈಗೆ ಕೊಟ್ಟರು. ದೇಹದಾನ ಮಾಡಿದವರ ಘನತೆಯ ಪ್ರಶ್ನೆ ಇರುವುದರಿಂದ ಯಾರ ಸ್ವಂತ ಮೊಬೈಲೂ ಇದಕ್ಕೆ ಬೇಡ ಎಂದು ಗೆರೆ ಎಳೆದರು. ಪ್ರತಿ ಬಿಡುವಿನಲ್ಲಿ ಟ್ಯೂಟರ್ ಫೋಟೊ ಹಿಡಿದು ಇಪ್ಪತ್ತೂ ಸ್ಟೇಷನ್ ನೋಡಿ ಸಹಿ ಹಾಕಬೇಕು. ಎರಡು ಮೂರು ನಿಮಿಷದ ಕೆಲಸ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬೇರೆಯೇ. ಗುರುತು ಹಾಕುವಾಗ ಹಾಲಿನಲ್ಲಿ ಇರದಿದ್ದ ಒಬ್ಬ ಪಿಜಿಯನ್ನು ಕರೆದು, ಕೀ ತೋರಿಸದೆ, ಗಂಟೆ ಹೊಡೆದು, ಇಡೀ ಸುತ್ತನ್ನು ವಿದ್ಯಾರ್ಥಿಯಂತೆಯೇ ಬರೆಸಿದರು. ಮೂರು ಕಡೆ ಆಕೆಯ ಉತ್ತರ ಕೀಗೆ ಹೊಂದಲಿಲ್ಲ. ಒಂದು ಕಡೆ ಅಲ್ನರ್ ನರಕ್ಕೆ ಕಟ್ಟಿದ ದಾರದೊಳಗೆ ಪಕ್ಕದ ತೆಳ್ಳನೆಯ ಚರ್ಮದ ನರವೂ ಸಿಕ್ಕಿಕೊಂಡಿತ್ತು. ಇನ್ನೊಂದು ಕಡೆ ಎರಡನೇ ಭಾಗದ ಪ್ರಶ್ನೆಗೆ ಬರೆಯಲೇ ಒಂದು ನಿಮಿಷ ಹಿಡಿಯಿತು. ಅದನ್ನು “ಯಾವುದಾದರೂ ಎರಡು ಕೆಲಸ ಬರೆಯಿರಿ” ಎಂದು ಇಳಿಸಿದರು. ಮೂರನೆಯದರಲ್ಲಿ ಆಕೆಯೇ ತಪ್ಪಿದ್ದಳು, ಸ್ಟೇಷನ್ ಹಾಗೇ ಉಳಿಯಿತು.

ಪರೀಕ್ಷೆಯ ನಂತರ ಪ್ರತಿ ಸ್ಟೇಷನ್ನಿನ ಸರಿ ಉತ್ತರಗಳನ್ನು ಬ್ಯಾಚ್‌ವಾರು ಎಣಿಸುವುದು ಕೀ ಹೊರಬೀಳುವ ಮೊದಲಿನ ಕೆಲಸವಾಯಿತು. ಎರಡು ಬ್ಯಾಚಿನ ನಡುವೆ ಸಂಖ್ಯೆ ಥಟ್ಟನೆ ಕುಸಿದರೆ ಗುರುತು ಕದಲಿರಬೇಕು. ಬ್ಯಾಚಿನಿಂದ ಬ್ಯಾಚಿಗೆ ಮೆಲ್ಲಗೆ ಏರುತ್ತ ಹೋದರೆ ಉತ್ತರ ಹೊರಗೆ ಹರಿದಿರಬಹುದು. ಆದರೆ ಬ್ಯಾಚುಗಳು ರೋಲ್ ನಂಬರಿನಂತೆ ಆದವು. ಒಂದು ಬ್ಯಾಚ್ ಇನ್ನೊಂದಕ್ಕಿಂತ ಜಾಣರದ್ದಾಗಿರಬಹುದು. ಹಾಗಾಗಿ ಒಂದು ಸ್ಟೇಷನ್ನಿನ ಏರಿಳಿತವನ್ನು ಅದೇ ಬ್ಯಾಚಿನ ಉಳಿದ ಸ್ಟೇಷನ್ನುಗಳ ಜೊತೆ ಇಟ್ಟು ನೋಡಬೇಕು, ಒಂಟಿಯಾಗಿ ಅಲ್ಲ.

ಆ ಪರೀಕ್ಷೆಯಲ್ಲಿ ಸ್ನಾಯು, ನರಗಳ ಸ್ಟೇಷನ್ನುಗಳ ಬಗ್ಗೆ ತಕರಾರು ಬರಲಿಲ್ಲ. ಬಂದದ್ದು ಮೆದುಳಿನ ಸೆಕ್ಷನ್ನಿನ ಬಗ್ಗೆ. ಮೆದುಳಿಗೆ ಹೊಲಿಗೆ ಹಾಕುವಂತಿಲ್ಲ, ದಾರ ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಪಿನ್ನು ಬೇಡವೆಂದು ಟ್ರೇ ಮೇಲೆ ಅಕ್ರಿಲಿಕ್ ಹಾಳೆ ಮುಚ್ಚಿ, ಹಾಳೆಯ ಮೇಲೆ ಬಾಣ ಬರೆದಿದ್ದರು. ಹಾಳೆಗೂ ಸೆಕ್ಷನ್ನಿಗೂ ನಡುವೆ ಎರಡು ಬೆರಳಿನ ಅಂತರ. ನೇರ ಮೇಲಿನಿಂದ ಬಗ್ಗಿ ನೋಡಿದ ಎತ್ತರದವರಿಗೆ ಬಾಣದ ತುದಿ ಪ್ಯುಟಮೆನ್ ಮೇಲಿತ್ತು. ಮೇಜಿನ ಅಂಚಿನಿಂದ ಓರೆಯಾಗಿ ನೋಡಿದ ಗಿಡ್ಡವರಿಗೆ ಅದರ ಒಳಮಗ್ಗುಲಿನ ಗ್ಲೋಬಸ್ ಪ್ಯಾಲಿಡಸ್ ಮೇಲೆ. ಈಗ ಅಲ್ಲಿ ಹಾಳೆ ಇಲ್ಲ. ನೀರಿಗೆ ಕರಗದ ಪ್ಲಾಸ್ಟಿಕ್ ಬಾಣವನ್ನು ಸೆಕ್ಷನ್ನಿನ ಮೈಗೇ ತಾಗಿಸಿ ಮಲಗಿಸುತ್ತಾರೆ. ಮುಟ್ಟದಂತೆ ಪಕ್ಕದಲ್ಲಿ ಒಬ್ಬ ಟ್ಯೂಟರ್ ಮೂರೂವರೆ ಗಂಟೆ ನಿಲ್ಲುತ್ತಾರೆ.